ಡಿಲೀಟ್ ಆದ ಮೆಸೇಜ್ ಇಮೇಲ್‌ನಲ್ಲಿ ಉಳಿದಿರುತ್ತದೆ: ಹುಡುಕುವುದು ಹೇಗೆ, ಎಷ್ಟು ನಂಬಬಹುದು

ನಾನು ಅನುವಾದ ಮಾಡಿ ಬದುಕುವವಳು. ಕೆಲಸದ ಮಾತುಕತೆ ಮುಕ್ಕಾಲು ಪಾಲು ಲಿಂಕ್ಡ್‌ಇನ್ ಮೆಸೇಜಿನಲ್ಲೇ ನಡೆಯುತ್ತದೆ. 2024ರ ನವೆಂಬರ್‌ನಲ್ಲಿ ಒಂದು ಕಂಪನಿಯ ಆ್ಯಪ್‌ಗೆ ಕನ್ನಡ ಅನುವಾದ ಬೇಕಿತ್ತು. ಪದಕ್ಕೆ 1.80 ರೂಪಾಯಿ ಅಂತ ಹೇಳಿ ಕಳುಹಿಸಿದ್ದೆ. 13ನೇ ತಾರೀಖು ಸಂಜೆ ಒಂದು ರಿಸೆಪ್ಷನ್‌ನಲ್ಲಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದಾಗ ಫೋನ್ ಪರದೆ ಮೇಲೆ ಅವರ ಉತ್ತರ ಬಂದು ಹೋಯಿತು. ಒಪ್ಪಿದ್ದಾರೆ ಅಂತ ಗೊತ್ತಾಯಿತು, ಸಮಾಧಾನವಾಯಿತು, ಫೋನನ್ನು ಬ್ಯಾಗಿಗೆ ಹಾಕಿದೆ. ಮೆಸೇಜ್ ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ತೆರೆದರೆ ಆ ಮೆಸೇಜ್ ಡಿಲೀಟ್ ಆಗಿದೆ ಅನ್ನುವ ಒಂದು ಸಾಲು. ಅದರ ಕೆಳಗೆ "ಫೈಲ್ ಕಳಿಸಿದ್ದೀನಿ ಮೇಡಂ, ಶುರು ಮಾಡಿ." ಏನೋ ಅಕ್ಷರ ತಪ್ಪಾಗಿರಬೇಕು, ತೆಗೆದಿದ್ದಾರೆ ಅಂದುಕೊಂಡು ಕೆಲಸಕ್ಕೆ ಕೂತೆ. 11,400 ಪದ. ತಿಂಗಳ ನಂತರ ಖಾತೆಗೆ ಬಂದಿದ್ದು ಪದಕ್ಕೆ 1.20ರ ಲೆಕ್ಕದಲ್ಲಿ 13,680 ರೂಪಾಯಿ. ಬರಬೇಕಿದ್ದದ್ದು 20,520. ಕೇಳಿದರೆ, "1.80ಕ್ಕೆ ನಾವು ಒಪ್ಪೇ ಇಲ್ಲ ಮೇಡಂ, ಎಲ್ಲಿದೆ ತೋರಿಸಿ" ಅಂದರು.

ತೋರಿಸಿದೆ. ಮೆಸೇಜ್ ಹೋಗಿತ್ತು, ಆದರೆ ಆ ಮೆಸೇಜ್ ಬಂದಿದೆ ಅಂತ ಲಿಂಕ್ಡ್‌ಇನ್ ನನಗೆ ಕಳುಹಿಸಿದ್ದ ಇಮೇಲ್ ಹೋಗಿರಲಿಲ್ಲ. ಪೂರ್ತಿ ಗೆದ್ದೆ ಅಂತ ಮಾತ್ರ ಅಂದುಕೊಳ್ಳಬೇಡಿ, ಅದನ್ನು ಕೊನೆಗೆ ಹೇಳುತ್ತೇನೆ.

ಇದು ಹೇಗೆ ಉಳಿಯುತ್ತದೆ

ನೀವು ಆ್ಯಪ್ ತೆರೆಯದೆ ಇದ್ದಾಗ ಯಾರಾದರೂ ಮೆಸೇಜ್ ಮಾಡಿದರೆ, ಕೆಲವು ಜಾಲತಾಣಗಳು ಸ್ವಲ್ಪ ಹೊತ್ತು ನೋಡಿ "ನಿಮಗೆ ಮೆಸೇಜ್ ಬಂದಿದೆ, ಬಂದು ನೋಡಿ" ಅಂತ ಒಂದು ಇಮೇಲ್ ಹಾಕುತ್ತವೆ. ನಮ್ಮನ್ನು ಮತ್ತೆ ಸೈಟಿಗೆ ಎಳೆಯುವುದಕ್ಕೆ ಮಾಡಿಕೊಂಡ ಏರ್ಪಾಡು ಅದು, ದಾಖಲೆ ಇಡುವುದಕ್ಕಲ್ಲ. ಆಸೆ ಹುಟ್ಟಲಿ ಅಂತ ಮೆಸೇಜಿನ ಮೊದಲ ಒಂದೆರಡು ಸಾಲನ್ನೂ ಅದರಲ್ಲಿ ಹಾಕುತ್ತವೆ. ಅಲ್ಲಿಗೆ ಆ ಸಾಲುಗಳು ಜಾಲತಾಣದ ಕೈ ಬಿಟ್ಟು ನಿಮ್ಮ ಮೇಲ್‌ಬಾಕ್ಸಿಗೆ ಬಂದ ಹಾಗೆ. ಆಮೇಲೆ ಆ ಕಡೆಯವರು ಡಿಲೀಟ್ ಒತ್ತಿದರೆ ಜಾಲತಾಣದ ಸರ್ವರ್‌ನಲ್ಲಿರುವುದು ಕಾಣದಂತಾಗುತ್ತದೆ, ನಿಮ್ಮ ಜಿಮೇಲ್‌ಗೆ ಕೈ ಹಾಕಿ ಮೇಲ್ ವಾಪಸ್ ತೆಗೆದುಕೊಳ್ಳಲು ಲಿಂಕ್ಡ್‌ಇನ್‌ಗೂ ಆಗುವುದಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಕಳುಹಿಸಿದ ಮೆಸೇಜನ್ನು ತಿದ್ದಲು ಅಥವಾ ಇಬ್ಬರಿಗೂ ಕಾಣದ ಹಾಗೆ ಅಳಿಸಲು 60 ನಿಮಿಷ ಸಮಯವಿದೆ. ಅಂದರೆ ನಮಗೆ ಬೇಕಾದ ಘಟನೆ ಪೂರ್ತಿ ಆ ಒಂದು ಗಂಟೆಯೊಳಗೆ ನಡೆದಿರುತ್ತದೆ: ಮೆಸೇಜ್ ಬಂತು, ಮೇಲ್ ಹೊರಟಿತು, ಆಮೇಲೆ ಮೆಸೇಜ್ ಹೋಯಿತು. ಮೇಲ್ ಹೊರಡುವ ಮೊದಲೇ ಅಳಿಸಿಬಿಟ್ಟಿದ್ದರೆ ನಿಮ್ಮ ಕೈಗೆ ಏನೂ ಸಿಗದೆ ಇರಬಹುದು. ನನ್ನ ವಿಷಯದಲ್ಲಿ ನಾನು ಊಟದ ಸಾಲಿನಲ್ಲಿದ್ದೆ, ಆ್ಯಪ್ ತೆರೆದಿರಲಿಲ್ಲ, ಅದೇ ನನ್ನನ್ನು ಉಳಿಸಿದ್ದು.

ಮೊದಲ ಕೆಲಸ: ಹುಡುಕುವುದು, ಅದೂ ಬೇಗ

ಬೇಗ ಯಾಕೆಂದರೆ, ಇಂಥ ಮೇಲ್‌ಗಳನ್ನು ನಾವು ಕಸ ಅಂತ ಅಳಿಸುವುದೇ ಜಾಸ್ತಿ. ಜಿಮೇಲ್‌ನಲ್ಲಿ ಅಳಿಸಿದ ಮೇಲ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಸ್ಪ್ಯಾಮ್‌ಗೆ ಬಿದ್ದದ್ದೂ ಅಷ್ಟೇ. ಆಮೇಲೆ ತಾನಾಗಿಯೇ ಹೋಗುತ್ತದೆ. ನನಗೆ ಹಣ ಬಂದಿದ್ದೇ ತಿಂಗಳ ನಂತರ. ಮೇಲನ್ನು ಅಳಿಸುವ ಅಭ್ಯಾಸ ನನಗಿದ್ದಿದ್ದರೆ ಅಷ್ಟರಲ್ಲಿ ಅದು ಮಾಯವಾಗಿರುತ್ತಿತ್ತು. ಪುಣ್ಯಕ್ಕೆ ನಾನು ಸೋಮಾರಿ, Social ಟ್ಯಾಬ್‌ನಲ್ಲಿ ಸಾವಿರಾರು ಮೇಲ್ ತೆರೆಯದೆ ಹಾಗೇ ಬಿದ್ದಿದ್ದವು.

ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಹುಡುಕಾಟದ ಜಾಗದಲ್ಲಿ ಹೀಗೆ ಹಾಕಿ:

```
in:anywhere from:linkedin.com after:2024/11/12 before:2024/11/16
```

`in:anywhere` ಹಾಕದಿದ್ದರೆ ಸ್ಪ್ಯಾಮ್ ಮತ್ತು ಟ್ರ್ಯಾಶ್ ಬಿಟ್ಟು ಹುಡುಕುತ್ತದೆ, ಅದನ್ನು ಮರೆಯಬೇಡಿ. `from:` ಮುಂದೆ ಪೂರ್ತಿ ವಿಳಾಸ ಹಾಕುವುದಕ್ಕಿಂತ ಡೊಮೇನ್ ಮಾತ್ರ ಹಾಕುವುದು ಒಳ್ಳೆಯದು, ಏಕೆಂದರೆ ಒಂದೇ ಕಂಪನಿ ನಾಲ್ಕಾರು ಬೇರೆ ಬೇರೆ ವಿಳಾಸಗಳಿಂದ ಕಳುಹಿಸುತ್ತದೆ. ನನಗೆ ಬಂದಿದ್ದು `messaging-digest-noreply@linkedin.com` ಎಂಬಲ್ಲಿಂದ. ಫೇಸ್‌ಬುಕ್‌ನ ಮೇಲ್‌ಗಳಾದರೆ `facebookmail.com` ಅಂತ ಹುಡುಕಬೇಕು, `facebook.com` ಅಂತ ಹುಡುಕಿ ಏನೂ ಇಲ್ಲ ಅಂತ ಕೈ ಬಿಟ್ಟವರನ್ನು ನೋಡಿದ್ದೇನೆ. ತಾರೀಖನ್ನು ಆ ಕಡೆ ಈ ಕಡೆ ಒಂದೆರಡು ದಿನ ಸಡಿಲ ಬಿಡಿ, ಟೈಮ್‌ಝೋನ್ ಗೊಂದಲದಲ್ಲಿ ಒಂದು ದಿನ ಹಿಂದೆ ಮುಂದೆ ಆಗಬಹುದು.

ಏನೂ ಸಿಗಲಿಲ್ಲ ಅಂದರೆ ಎರಡು ವಿಷಯ ನೋಡಿ. ಒಂದು, ಆ ಖಾತೆಗೆ ಕೊಟ್ಟಿರುವ ಇಮೇಲ್ ಯಾವುದು? ಕಾಲೇಜಿನಲ್ಲಿ ಮಾಡಿಕೊಂಡ ಹಳೆಯ ಐಡಿ ಇನ್ನೂ ಜೋಡಿಸಿಕೊಂಡಿರಬಹುದು. ಇನ್ನೊಂದು, ಜಿಮೇಲ್ ಒಂದೇ ಸಬ್ಜೆಕ್ಟ್ ಇರುವ ಮೇಲ್‌ಗಳನ್ನು ಒಂದರ ಕೆಳಗೆ ಒಂದು ಸೇರಿಸಿ ಒಂದೇ ಸಾಲಾಗಿ ತೋರಿಸುತ್ತದೆ. ಒಬ್ಬರೇ ವ್ಯಕ್ತಿಯಿಂದ ಬಂದ ಹತ್ತು ಸೂಚನೆಗಳು ಒಂದೇ ಸಾಲಿನ ಹಿಂದೆ ಕೂತಿರಬಹುದು. ತೆರೆದು, ಮುಚ್ಚಿಕೊಂಡಿರುವ ಪ್ರತಿಯೊಂದನ್ನೂ ಬಿಡಿಸಿ ನೋಡಿ.

ಇಲ್ಲಿ ಒಂದು ಪಕ್ಕದ ಮಾತು. ಮೆಸೇಜ್ ಹೋಗಿ ಇನ್ನೂ ಒಂದು ದಿನ ಆಗಿಲ್ಲ ಅಂದರೆ, ಆಂಡ್ರಾಯ್ಡ್ 11 ಅಥವಾ ಅದರ ನಂತರದ ಫೋನ್‌ಗಳಲ್ಲಿ Notification history ಎಂಬುದು ಸೆಟ್ಟಿಂಗ್ಸ್‌ನಲ್ಲಿದೆ. ಮೊದಲೇ ಆನ್ ಮಾಡಿಟ್ಟಿದ್ದರೆ ಕಳೆದ 24 ಗಂಟೆಯ ನೋಟಿಫಿಕೇಶನ್‌ಗಳು ಅಲ್ಲಿರುತ್ತವೆ. ನಾನು ಆನ್ ಮಾಡಿರಲಿಲ್ಲ.

ಮೇಲನ್ನು ಓದುವ ರೀತಿ

ನನಗೆ ಸಿಕ್ಕ ಮೇಲಿನಲ್ಲಿ ಇದ್ದದ್ದು ಇಷ್ಟು: ಕಳುಹಿಸಿದವರ ಹೆಸರು, ಫೋಟೋ ಇರಬೇಕಾದ ಒಂದು ವೃತ್ತ, ಮತ್ತು ಈ ಸಾಲು.

"ಸರಿ ಮೇಡಂ, ಪದಕ್ಕೆ 1.80 ಓಕೆ. ನಾಳೆಯಿಂದ ಶುರು ಮಾಡಿ. ಎರಡನೇ ಕಂತಿಗೂ…"

ಕೊನೆಯ ಮೂರು ಚುಕ್ಕಿ ಅವರು ಹಾಕಿದ್ದಲ್ಲ, ಜಾಗ ಸಾಲದೆ ಮೇಲ್ ಕತ್ತರಿಸಿದ್ದು. ಪ್ರತಿ ಮೇಲಿನಲ್ಲೂ ಮೊದಲು ನೋಡಬೇಕಾದದ್ದು ಇದನ್ನೇ. ಎಲ್ಲಿ ಮುಗಿದಿದೆ, ತಾನಾಗಿ ಮುಗಿದಿದೆಯಾ, ಕತ್ತರಿಸಿದೆಯಾ?

ಆಮೇಲೆ ಸಮಯ. ಮೇಲ್ ಬಂದ ಸಮಯವನ್ನೇ ಮೆಸೇಜ್ ಬಂದ ಸಮಯ ಅಂದುಕೊಳ್ಳಬೇಡಿ. ನನ್ನ ಮೇಲಿನ ಮೂಲ ಪಠ್ಯದಲ್ಲಿ (ಅದನ್ನು ತೆರೆಯುವುದು ಹೇಗೆ ಅಂತ ಮುಂದೆ ಹೇಳುತ್ತೇನೆ) ಹೀಗಿತ್ತು:

```
Date: Wed, 13 Nov 2024 15:31:08 +0000 (UTC)
```

ಇದು ಯುಟಿಸಿ ಸಮಯ. ನಮ್ಮ ಸಮಯ ಸಿಗಲು ಇದಕ್ಕೆ ಐದೂವರೆ ಗಂಟೆ ಕೂಡಿಸಬೇಕು, ಅಂದರೆ ರಾತ್ರಿ 9:01. ಆದರೆ ಚಾಟ್‌ನಲ್ಲಿ ಆ ಅಳಿಸಿದ ಮೆಸೇಜಿನ ಪಕ್ಕ ಇದ್ದ ಸಮಯ 8:47. ಹದಿನಾಲ್ಕು ನಿಮಿಷದ ಅಂತರ. ನೀವು "9:01ಕ್ಕೆ ಮೆಸೇಜ್ ಮಾಡಿದ್ದೀರಿ" ಅಂತ ಬರೆದು ಕಳುಹಿಸಿದರೆ, ಅವರು ತಮ್ಮ ಕಡೆ ನೋಡಿ "9:01ಕ್ಕೆ ನಾವು ಯಾವ ಮೆಸೇಜೂ ಮಾಡಿಲ್ಲ" ಅನ್ನುತ್ತಾರೆ. ಅದು ನಿಜವೂ ಹೌದು. ಹಾಗಾಗಿ "9:01ಕ್ಕೆ ಬಂದ ಸೂಚನಾ ಮೇಲ್‌ನಲ್ಲಿ ಈ ಮಾತಿದೆ" ಅಂತಲೇ ಬರೆಯಿರಿ.

ಫೋಟೋಗಳು ಮೇಲಿನ ಒಳಗೆ ಇರುವುದಿಲ್ಲ, ಪ್ರತಿ ಸಲ ತೆರೆದಾಗ ಹೊರಗಿನ ಸರ್ವರ್‌ನಿಂದ ಬರುತ್ತವೆ. ಇವತ್ತು ಕಾಣುವ ಮುಖ ನಾಳೆ ಖಾಲಿ ವೃತ್ತವಾಗಬಹುದು. ಹೆಸರು ಮಾತ್ರ ಅಕ್ಷರವಾಗಿ ಮೇಲಿನಲ್ಲೇ ಇರುತ್ತದೆ, ಇದರಿಂದ ಒಂದು ಉಪಯೋಗವಿದೆ. ಲಿಂಕ್ಡ್‌ಇನ್‌ನಲ್ಲಿ ಯಾರಾದರೂ ಖಾತೆ ಮುಚ್ಚಿದರೆ ಹಳೆಯ ಚಾಟ್‌ನಲ್ಲಿ ಅವರ ಹೆಸರಿನ ಜಾಗದಲ್ಲಿ LinkedIn Member ಅಂತ ಬರುತ್ತದೆ. ಯಾರ ಜೊತೆ ಮಾತಾಡಿದ್ದೆ ಅಂತಲೇ ತಿಳಿಯದ ಸ್ಥಿತಿ. ಆದರೆ ಅಂದು ಬಂದ ಮೇಲಿನಲ್ಲಿ ಅಂದಿನ ಹೆಸರು ಹಾಗೇ ಇರುತ್ತದೆ.

ಮೇಲಿನ ಒಳಗಿರುವ "ಮೆಸೇಜ್ ನೋಡಿ" ಬಟನ್ ಒತ್ತಿದರೆ ಉಪಯೋಗವಿಲ್ಲ. ಅದು ಈಗ ಸೈಟಿನಲ್ಲಿ ಏನಿದೆಯೋ ಅದನ್ನೇ ತೋರಿಸುತ್ತದೆ, ಅಂದರೆ ಅಳಿಸಿದ ಸಾಲನ್ನು.

ಉಳಿಸಿಕೊಳ್ಳುವುದು: ಸ್ಕ್ರೀನ್‌ಶಾಟ್ ಸಾಲದು

ಮೇಲ್ ಸಿಕ್ಕ ಖುಷಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಸ್ಕ್ರೀನ್‌ಶಾಟ್ ತೆಗೆದು ನನ್ನ ದೊಡ್ಡಪ್ಪನ ಮಗನಿಗೆ ಕಳುಹಿಸಿದ್ದು. ಅವನು ವಕೀಲ. ಎರಡು ನಿಮಿಷಕ್ಕೆ ಫೋನ್ ಬಂತು. "ಅಕ್ಕ, ಇಂಥದ್ದು ನಾನು ಕೂತ್ಕೊಂಡು ಐದು ನಿಮಿಷದಲ್ಲಿ ಮಾಡಿ ಕೊಡ್ತೀನಿ. ಮೇಲ್ ಇದೆ ತಾನೆ? ಆ ಮೇಲನ್ನ ಹಾಗೇ ಇಳಿಸ್ಕೋ."

ಹಾಗೇ ಇಳಿಸಿಕೊಳ್ಳುವುದು ಅಂದರೆ ಇದು. ಕಂಪ್ಯೂಟರ್ ಬ್ರೌಸರ್‌ನಲ್ಲಿ ಮೇಲ್ ತೆರೆಯಿರಿ, ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಬಲಗಡೆ ಮೂರು ಚುಕ್ಕಿ ಒತ್ತಿ, Show original ಆರಿಸಿ. ಹೊಸ ಪುಟ ತೆರೆಯುತ್ತದೆ. ಮೇಲ್ಗಡೆ ಒಂದು ಪುಟ್ಟ ಪಟ್ಟಿ, ಅದರಲ್ಲಿ SPF, DKIM, DMARC ಅಂತ ಮೂರು ಸಾಲು, ಮೇಲ್ ನಕಲಿಯಲ್ಲ ಅಂತ ಜಿಮೇಲ್ ಮಾಡಿದ ಪರೀಕ್ಷೆಗಳು ಅವು, ಪಕ್ಕದಲ್ಲಿ PASS ಅಂತ ಇರಬೇಕು. ಅದರ ಕೆಳಗೆ Download Original. ಅದನ್ನು ಒತ್ತಿದರೆ `.eml` ಫೈಲ್ ಇಳಿಯುತ್ತದೆ. ನಿಮ್ಮ ನಿಜವಾದ ಪ್ರತಿ ಅದೇ.

ಆ ಮೂರರಲ್ಲಿ ನಮಗೆ ಮುಖ್ಯವಾದದ್ದು ಡಿಕೆಐಎಂ. ಮೇಲ್ ಹೊರಡುವಾಗ ಲಿಂಕ್ಡ್‌ಇನ್ ಸರ್ವರ್ ಅದರ ಒಳಗಿನ ಪಠ್ಯವನ್ನೂ, ಯಾರಿಂದ, ಯಾವಾಗ ಅನ್ನುವಂಥ ಕೆಲವು ತಲೆಸಾಲುಗಳನ್ನೂ ಲೆಕ್ಕ ಹಾಕಿ ಒಂದು ಡಿಜಿಟಲ್ ಮೊಹರು ಒತ್ತುತ್ತದೆ. 1.80 ಎಂಬುದನ್ನು ನಾನು ಆಮೇಲೆ 2.80 ಮಾಡಿದರೆ ಮೊಹರು ತಾಳೆಯಾಗುವುದಿಲ್ಲ. PASS ಜೊತೆ ಯಾವ ಡೊಮೇನ್ ಹೆಸರಿದೆ ಅಂತಲೂ ನೋಡಿ. `linkedin.com` ಅಂತ ಇರಬೇಕು. ಲಿಂಕ್ಡ್‌ಇನ್ ಹಾಗೇ ಕಾಣುವ ಮೋಸದ ಮೇಲ್‌ಗಳು ಬೇಕಾದಷ್ಟು ಬರುತ್ತವೆ, ಅವುಗಳಲ್ಲೂ PASS ಇರಬಹುದು, ಆದರೆ ಡೊಮೇನ್ ಬೇರೆ ಯಾವುದೋ ಇರುತ್ತದೆ.

ಫೈಲ್ ಇಳಿಸಿದ ಮೇಲೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಸೇವ್ ಒತ್ತಬೇಡಿ. ನೀವು ಒಂದಕ್ಷರ ಬದಲಿಸದಿದ್ದರೂ ಕೆಲವು ಎಡಿಟರ್‌ಗಳು ಸಾಲಿನ ಕೊನೆಯ ಗುರುತುಗಳನ್ನು ಬದಲಿಸಿಬಿಡುತ್ತವೆ, ಫೈಲ್ ಬೇರೆಯಾಗಿಬಿಡುತ್ತದೆ. ನೋಡಬೇಕು ಅನ್ನಿಸಿದರೆ ಒಂದು ನಕಲು ಮಾಡಿಕೊಂಡು ಅದನ್ನು ನೋಡಿ. ನೋಡಿದಾಗ ಗಾಬರಿಯಾಗಬೇಡಿ, ಕನ್ನಡ ಅಲ್ಲಿ ಕನ್ನಡವಾಗಿ ಕಾಣುವುದಿಲ್ಲ. ನನ್ನ ಮೇಲಿನ "ಸರಿ" ಎಂಬ ಪದ ಹೀಗೆ ಕೂತಿತ್ತು:

```
=E0=B2=B8=E0=B2=B0=E0=B2=BF
```

ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟ್, ಅದನ್ನು ಮೇಲ್‌ಗೆ ಒಗ್ಗುವಂತೆ ಹೀಗೆ ಬರೆದಿರುತ್ತದೆ. ಕೆಲವು ಮೇಲ್‌ಗಳಲ್ಲಿ ಇಷ್ಟೂ ಕಾಣದೆ ಬರೀ ಅಕ್ಷರಗಳ ಗುಡ್ಡೆ ಇರುತ್ತದೆ, ಅದು ಬೇಸ್64. ಹಾಗಾಗಿ ಈ ಫೈಲಿನಲ್ಲಿ "ಸರಿ" ಅಂತ ಹುಡುಕಿ ಸಿಗಲಿಲ್ಲ ಅಂತ ಮೆಸೇಜೇ ಇಲ್ಲ ಅಂದುಕೊಳ್ಳಬೇಡಿ. ನನ್ನದರಲ್ಲಿ ಆ ಸಮಾನ ಚಿಹ್ನೆಗಳ ಕಾಡಿನ ಮಧ್ಯೆ 1.80 ಮಾತ್ರ ಇದ್ದ ಹಾಗೇ ಇತ್ತು, ಅಂಕಿಗಳಿಗೆ ಈ ವೇಷ ಬೇಕಿಲ್ಲ.

ಮುಂದೆ ಫೈಲಿನ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆದು ಬರೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಫೈಲ್ ಇರುವ ಫೋಲ್ಡರ್‌ನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು, ನಿಮ್ಮ ಫೈಲಿನ ಹೆಸರು ಹಾಕಿ, ಹೀಗೆ:

```
certutil -hashfile linkedin-nov13.eml SHA256
```

64 ಅಕ್ಷರ ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನ ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ, ಒಳಗೆ ಒಂದು ಚುಕ್ಕಿ ಬದಲಾದರೂ ಪೂರ್ತಿ ಬದಲಾಗುತ್ತದೆ. ಅವತ್ತೇ ಆ ಸಾಲನ್ನು ನಿಮಗೇ ಒಂದು ಮೇಲ್ ಮಾಡಿಕೊಂಡರೆ ಯಾವ ದಿನ ತೆಗೆದಿದ್ದು ಅನ್ನುವುದಕ್ಕೂ ಗುರುತು ಸಿಗುತ್ತದೆ.

ಕಂಪ್ಯೂಟರ್ ಗೊತ್ತಿರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೊಹರನ್ನು ತಾವೇ ಪರೀಕ್ಷಿಸಬಹುದು. ಪೈಥಾನ್ ಇದ್ದರೆ ಸಾಕು.

```
pip install dkimpy
dkimverify < linkedin-nov13.eml
```

`signature ok` ಅಂತ ಬಂದರೆ ಸರಿ ಇದೆ. ಇದನ್ನು ಮಾಡುವುದಾದರೆ ತಡ ಮಾಡಬೇಡಿ. ಮೊಹರು ಪರೀಕ್ಷಿಸಲು ಬೇಕಾದ ಕೀಲಿಯನ್ನು ಕಂಪನಿಗಳು ಇಂಟರ್ನೆಟ್ಟಿನ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ಇಟ್ಟಿರುತ್ತವೆ, ಆಗಾಗ ಬದಲಿಸುತ್ತವೆ, ಹಳೆಯದನ್ನು ತೆಗೆಯುತ್ತವೆ. ಎರಡು ವರ್ಷದ ನಂತರ ಮಾಡಿದರೆ ಅಸಲಿ ಮೇಲ್ ಕೂಡ ಫೇಲ್ ಆಗಬಹುದು. ಆಗ ಉಳಿಯುವುದು ಮೇಲ್ ಬಂದ ದಿನ ಜಿಮೇಲ್ ತಾನೇ ನೋಡಿ ತಲೆಸಾಲಿನಲ್ಲಿ ಬರೆದಿಟ್ಟ `dkim=pass` ಎಂಬ ಟಿಪ್ಪಣಿ ಮಾತ್ರ.

ಬೇರೆಯವರಿಗೆ ಕಳುಹಿಸುವಾಗ ಸುಮ್ನೆ ಫಾರ್ವರ್ಡ್ ಒತ್ತಬೇಡಿ. ಫಾರ್ವರ್ಡ್ ಮಾಡಿದ್ದು ನಿಮ್ಮ ಹೊಸ ಮೇಲ್, ಅದರಲ್ಲಿ ಹಳೆಯ ತಲೆಸಾಲೂ ಇಲ್ಲ, ಮೊಹರೂ ಇಲ್ಲ, ಪಠ್ಯವನ್ನು ಯಾರು ಬೇಕಾದರೂ ತಿದ್ದಿ ಕಳುಹಿಸಬಹುದು. ಮೂರು ಚುಕ್ಕಿಯಲ್ಲಿ Forward as attachment ಇದೆ, ಅಥವಾ `.eml` ಫೈಲನ್ನೇ ಲಗತ್ತಿಸಿ. ಮತ್ತೆ, ಜಿಮೇಲ್‌ನಲ್ಲಿರುವ ಮೂಲ ಮೇಲನ್ನು ಅಳಿಸಬೇಡಿ. ಅದಕ್ಕೊಂದು ಲೇಬಲ್ ಹಾಕಿ ಬಿಡಿ.

ನಿಮ್ಮ ಕಡೆಯ ಮಾತು ಎಲ್ಲಿ?

ಈ ಮೇಲ್‌ಗಳಲ್ಲಿ ಬರುವುದು ಎದುರಿನವರ ಮಾತು. ನಾನು 1.80 ಅಂತ ಕೇಳಿದ್ದು ಅದರಲ್ಲಿಲ್ಲ. ಪ್ರಶ್ನೆ ಇಲ್ಲದೆ ಉತ್ತರ ಒಂದನ್ನೇ ಹಿಡಿದುಕೊಂಡು ಹೋದರೆ, "ಅದು ಬೇರೆ ಕೆಲಸದ ಬಗ್ಗೆ ಹೇಳಿದ್ದು" ಅನ್ನುವುದಕ್ಕೆ ದಾರಿ ಆಗುತ್ತದೆ.

ಅದಕ್ಕೆ ಲಿಂಕ್ಡ್‌ಇನ್‌ನ ಸೆಟ್ಟಿಂಗ್ಸ್‌ನಲ್ಲಿ Data privacy ಒಳಗೆ Get a copy of your data ಅಂತ ಇದೆ. ಅಲ್ಲಿ ಮೆಸೇಜ್‌ಗಳನ್ನು ಆರಿಸಿ ಕೇಳಿಕೊಂಡರೆ ಸ್ವಲ್ಪ ಹೊತ್ತಿಗೆ ಇಳಿಸಿಕೊಳ್ಳುವ ಕೊಂಡಿ ಬರುತ್ತದೆ. ಜಿಪ್ ಬಿಡಿಸಿದರೆ `messages.csv`. ಯಾರು, ಯಾರಿಗೆ, ಯಾವಾಗ, ಏನು, ಎಲ್ಲ ಸಾಲಾಗಿ. ಇದರ ಸಮಯವೂ ಯುಟಿಸಿ. ನಾನು ಅದರಿಂದ ಆ ವಾರದ ನನ್ನ ಸಾಲುಗಳನ್ನು ತೆಗೆದು, ಮಧ್ಯೆ ಮೇಲ್‌ನಿಂದ ಸಿಕ್ಕಿದ ಅವರ ಸಾಲನ್ನು ಬೇರೆ ಬಣ್ಣದಲ್ಲಿ ಇಟ್ಟು, ಇದು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಬರೆದೆ. ಆಗ ಕಥೆ ಓದಿಸಿಕೊಂಡಿತು: 6:20ಕ್ಕೆ ನಾನು ದರ ಹೇಳಿದ್ದು, 8:47ರ ಮೆಸೇಜ್ ಅಳಿಸಿದೆ, 9:01ರ ಮೇಲಿನಲ್ಲಿ ಅದರ ಮೊದಲ ಭಾಗ ಇದೆ, 9:40ಕ್ಕೆ ಫೈಲ್ ಬಂದಿದೆ.

ಈ ಡೇಟಾ ಪ್ರತಿಯನ್ನು ಕನ್ನಡದಲ್ಲಿ ನೋಡುವಾಗ ಎಕ್ಸೆಲ್ ಕೆಲವೊಮ್ಮೆ ಅಕ್ಷರಗಳನ್ನು ಕಲಸಿಬಿಡುತ್ತದೆ. ಗೂಗಲ್ ಶೀಟ್ಸ್‌ಗೆ ಇಂಪೋರ್ಟ್ ಮಾಡಿ, ಅಲ್ಲಿ ಸರಿಯಾಗಿ ಕಾಣುತ್ತದೆ.

ಎಲ್ಲಿ ಕೈ ಕೊಡುತ್ತದೆ

ಇದನ್ನು ಪೂರ್ತಿ ದಾಖಲೆ ಅಂತ ನಂಬಿಕೊಂಡರೆ ಮೋಸ ಹೋಗುತ್ತೀರಿ. ನಾನು ಕುತೂಹಲಕ್ಕೆ ಅದೇ ವ್ಯಕ್ತಿಯ ಜೊತೆಗಿನ ಪೂರ್ತಿ ಚಾಟನ್ನು ಮೇಲ್‌ಗಳ ಜೊತೆ ಇಟ್ಟು ನೋಡಿದೆ. ಚಾಟ್‌ನಲ್ಲಿ ಅವರ ಕಡೆಯಿಂದ 31 ಮೆಸೇಜ್, ಮೇಲ್‌ನಲ್ಲಿ ಸಿಕ್ಕಿದ್ದು 7. ಯಾಕೆ ಅಂತ ನೋಡಿದರೆ ಸುಲಭ. ನಾನು ಆ್ಯಪ್‌ನಲ್ಲೇ ಕೂತು ಟಕಟಕ ಅಂತ ಉತ್ತರ ಕೊಡುತ್ತಿದ್ದ ಹೊತ್ತಿನಲ್ಲಿ ಒಂದೂ ಮೇಲ್ ಬಂದಿಲ್ಲ. ಮಾತುಕತೆ ಎಲ್ಲಿ ಬಿಸಿಯಾಗಿತ್ತೋ, ದರದ ಚೌಕಾಸಿ ಎಲ್ಲಿ ನಡೆದಿತ್ತೋ, ಅಲ್ಲೇ ಖಾಲಿ. ನೀವು ದೂರ ಇದ್ದಾಗ ಬಂದ ಮಾತು ಮಾತ್ರ ಇದರಲ್ಲಿ ಸಿಗುತ್ತದೆ. ಹಾಗಾಗಿ ಮೇಲ್ ಇಲ್ಲ ಅಂದರೆ ಮೆಸೇಜ್ ಇರಲಿಲ್ಲ ಅಂತ ಅರ್ಥವಲ್ಲ. ಇದನ್ನು ನಿಮ್ಮ ವಿರುದ್ಧವೂ ಯಾರೂ ಬಳಸಲು ಬಿಡಬೇಡಿ.

ಆ ಏಳರಲ್ಲೂ ಎರಡರಲ್ಲಿ "ನಿಮಗೆ ಹೊಸ ಮೆಸೇಜ್ ಇದೆ" ಅಂತ ಬಿಟ್ಟರೆ ಒಳಗಿನ ಮಾತೇ ಇರಲಿಲ್ಲ. ಫೈಲ್ ಕಳುಹಿಸಿದ್ದ ಮೆಸೇಜಿನ ಮೇಲಿನಲ್ಲಿ ಫೈಲ್ ಇರಲಿಲ್ಲ. ಈ ಮೇಲ್‌ಗಳ ರೂಪವನ್ನು ಕಂಪನಿಗಳು ಯಾರನ್ನೂ ಕೇಳದೆ ಬದಲಿಸುತ್ತಿರುತ್ತವೆ, ಇವತ್ತು ಎರಡು ಸಾಲು ಬಂದಿದ್ದು ನಾಳೆ ಬರೀ ಹೆಸರು ಬರಬಹುದು.

ತಿದ್ದಿದ ಮೆಸೇಜುಗಳ ವಿಷಯ ಇನ್ನೂ ಸೂಕ್ಷ್ಮ. ಮೇಲಿನಲ್ಲಿರುವುದು ಮೇಲ್ ಹೊರಟ ಕ್ಷಣದ ಮಾತು. ಅದಾದ ಮೇಲೆ ಅವರು 1.80ನ್ನು 1.20 ಅಂತ ತಿದ್ದಿದ್ದರೆ ಮೇಲ್ ಹಳೆಯದನ್ನು ತೋರಿಸುತ್ತದೆ, ಚಾಟ್ ಹೊಸದನ್ನು. ಎರಡೂ ಸುಳ್ಳಲ್ಲ. ಕಂಪನಿಯ ಕಡೆಯಿಂದ ನನಗೆ ಮೆಸೇಜ್ ಮಾಡುತ್ತಿದ್ದ ಹುಡುಗ ನಿಜವಾಗಿಯೂ ತಪ್ಪು ಅಂಕಿ ಟೈಪ್ ಮಾಡಿ, ಮ್ಯಾನೇಜರ್ ಬೈದು, ಅಳಿಸಿರಲೂಬಹುದು. ಮೇಲ್ ಆ ಮಾತು ಬಂದಿತ್ತು ಅನ್ನುತ್ತದೆ, ಯಾಕೆ ಹೋಯಿತು ಅಂತ ಅದಕ್ಕೆ ಗೊತ್ತಿಲ್ಲ. ನಾನು ಅವರಿಗೆ ಬರೆಯುವಾಗ "ನೀವು ಮೋಸ ಮಾಡಿದಿರಿ" ಅಂತ ಬರೆಯದೆ ಇದ್ದದ್ದಕ್ಕೆ ಇದೇ ಕಾರಣ. "ಈ ಮಾತಿನ ಮೇಲೆ ನಾನು ಕೆಲಸ ಶುರು ಮಾಡಿದೆ, ದರ ಬದಲಾಗಿದೆ ಅಂತ ನೀವು ಎಲ್ಲೂ ಹೇಳಲಿಲ್ಲ" ಅಂತಷ್ಟೇ ಬರೆದೆ.

ಮೊಹರಿನ ವಿಷಯದಲ್ಲೂ ಅಷ್ಟೇ. ಈ ಮೇಲನ್ನು ಲಿಂಕ್ಡ್‌ಇನ್ ಕಳುಹಿಸಿದೆ, ಒಳಗಿನದು ಬದಲಾಗಿಲ್ಲ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಆ ಖಾತೆಯ ಹಿಂದೆ ಕೂತು ಟೈಪ್ ಮಾಡಿದ್ದು ಯಾರು ಅಂತ ಅದು ಹೇಳುವುದಿಲ್ಲ. ನಮ್ಮ ಕಾನೂನೂ ಹೀಗೇ ನೋಡುತ್ತದೆ. ಮೇಲಿನಲ್ಲಿರುವ ಮಾತು ಕಳುಹಿಸಿದ ಮಾತೇ ಅಂತ ಕೋರ್ಟ್ ಭಾವಿಸಬಹುದು, ಆದರೆ ಕಳುಹಿಸಿದವರು ಇಂಥವರೇ ಅಂತ ತಾನಾಗಿ ಭಾವಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಡಿಜಿಟಲ್ ಸಾಕ್ಷ್ಯದ ಜೊತೆ ಎರಡು ಭಾಗದ ಪ್ರಮಾಣಪತ್ರ ಕೊಡಬೇಕು, ಒಂದು ಭಾಗ ನೀವು, ಇನ್ನೊಂದು ಭಾಗ ತಜ್ಞರು ತುಂಬಬೇಕು. ಅದರಲ್ಲಿ ಹ್ಯಾಶ್ ಬರೆಯುವ ಜಾಗವೂ ಇದೆ. ಮೇಲೆ ಹ್ಯಾಶ್ ತೆಗೆದಿಡಿ ಅಂದಿದ್ದು ಅದಕ್ಕೇ. ಹಳೆಯ ಕಾಯ್ದೆಯಲ್ಲಿ ಇದನ್ನೇ 65ಬಿ ಅನ್ನುತ್ತಿದ್ದರು, ಕೋರ್ಟ್ ಕಡೆ ಓಡಾಡುವವರು ಈಗಲೂ ಹಾಗೇ ಅನ್ನುತ್ತಾರೆ. ಏಳು ಸಾವಿರ ರೂಪಾಯಿಗೆ ನಾನಂತೂ ಅಲ್ಲಿಯವರೆಗೆ ಹೋಗಲಿಲ್ಲ.

ಎಲ್ಲ ಕಡೆ ಇದು ನಡೆಯುವುದೂ ಇಲ್ಲ. ವಾಟ್ಸ್‌ಆ್ಯಪ್ ಮೆಸೇಜ್ ಬಂದಿದೆ ಅಂತ ಇಮೇಲ್ ಕಳುಹಿಸುವುದೇ ಇಲ್ಲ. ಫೇಸ್‌ಬುಕ್ ಮೆಸೆಂಜರ್ 2023ರ ಡಿಸೆಂಬರ್‌ನಿಂದ ಖಾಸಗಿ ಚಾಟ್‌ಗಳನ್ನು ತಾನಾಗಿಯೇ ತುದಿಯಿಂದ ತುದಿಗೆ ಗೂಢಲಿಪಿಗೆ ಹಾಕಲು ಶುರು ಮಾಡಿತು. ಅಂಥ ಚಾಟ್‌ನಲ್ಲಿ ಏನಿದೆ ಅಂತ ಸರ್ವರ್‌ಗೇ ಓದಲು ಬರುವುದಿಲ್ಲ, ಓದಲಾರದ್ದನ್ನು ಮೇಲಿನಲ್ಲಿ ಹಾಕುವುದಾದರೂ ಹೇಗೆ? ಹಳೆಯ ಫೇಸ್‌ಬುಕ್ ಚಾಟಿನ ಮೇಲ್‌ಗಳಿದ್ದರೆ ಅದೃಷ್ಟ, ಹೊಸದನ್ನು ನೆಚ್ಚಿಕೊಳ್ಳಬೇಡಿ. ಆಫೀಸಿನಲ್ಲಿ ಟೀಮ್ಸ್ ಬಳಸುವವರಿಗೆ ತಪ್ಪಿದ ಮೆಸೇಜ್‌ಗಳ ಮೇಲ್ ಬರುತ್ತದೆ, ಎಷ್ಟು ಹೊತ್ತಿಗೊಮ್ಮೆ ಅಂತ ಸೆಟ್ಟಿಂಗ್ಸ್‌ನಲ್ಲಿ ಇಡಬಹುದು. ಆದರೆ ಆ ಮೇಲ್‌ಬಾಕ್ಸ್ ಕಂಪನಿಯದು. ಕೆಲಸ ಬಿಟ್ಟ ದಿನ ಅದೂ ನಿಮ್ಮ ಕೈ ತಪ್ಪುತ್ತದೆ, ಹಾಗಂತ ಆಫೀಸ್ ಮೇಲ್‌ಗಳನ್ನು ಸ್ವಂತ ಐಡಿಗೆ ಸಾಗಿಸಿದರೆ ಕಂಪನಿ ನಿಯಮ ಮುರಿದ ತಪ್ಪು ನಿಮ್ಮ ತಲೆಗೇ ಬರಬಹುದು.

ಹಾಗೇ, ಯಾರೋ ಬೇಸರದಲ್ಲಿ ಏನೋ ಬರೆದು ಐದು ನಿಮಿಷಕ್ಕೆ ಅಳಿಸಿದ್ದು ನಿಮ್ಮ ಇನ್‌ಬಾಕ್ಸ್‌ನಲ್ಲಿ ಸಿಕ್ಕರೆ ಅದನ್ನು ಗ್ರೂಪಿಗೆ ಹಾಕುವುದಕ್ಕೆ ಈ ಲೇಖನ ಬರೆದಿಲ್ಲ. ದುಡ್ಡು, ಬೆದರಿಕೆ, ಕೊಟ್ಟ ಮಾತು, ಇಂಥದ್ದಕ್ಕೆ ಬಳಸಿ.

ಮುಂದಕ್ಕೆ ಮಾಡಿಟ್ಟುಕೊಳ್ಳುವುದು

ಕಿರಿಕಿರಿ ಅಂತ ಬಹಳ ಜನ ಈ ಮೇಲ್‌ಗಳನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಸೆಟ್ಟಿಂಗ್ಸ್‌ನ Notifications ಒಳಗೆ Messaging ಇದೆ, ಅಲ್ಲಿ Email ಆನ್ ಮಾಡಿ. ಇನ್‌ಬಾಕ್ಸ್ ತುಂಬದಿರಲಿ ಅಂದರೆ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಹಾಕಿ: From ಜಾಗದಲ್ಲಿ ಆ ವಿಳಾಸ, ಆಮೇಲೆ Skip the Inbox, Apply the label, Never send it to Spam ಈ ಮೂರಕ್ಕೆ ಟಿಕ್. ಕಣ್ಣಿಗೆ ಬೀಳದೆ ಒಂದು ಕಡೆ ಸೇರುತ್ತಾ ಹೋಗುತ್ತವೆ. ಬರೀ ಅಕ್ಷರ ಇರುವ ಮೇಲ್‌ಗಳು, ಜಾಗ ಹೆಚ್ಚು ತಿನ್ನುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಅಭ್ಯಾಸ ನಾನು ಈಗ ಮಾಡಿಕೊಂಡಿದ್ದೇನೆ. ಯಾರೇ ದರ ಒಪ್ಪಿದರೂ ಆ ಕ್ಷಣವೇ ಅವರ ಇಮೇಲ್‌ಗೆ ನಾನೇ ಬರೆಯುತ್ತೇನೆ: "ಪದಕ್ಕೆ 1.80ರಂತೆ ಎರಡೂ ಕಂತಿಗೆ ಒಪ್ಪಿದ್ದೀರಿ, ನಾಳೆ ಶುರು ಮಾಡುತ್ತೇನೆ, ವ್ಯತ್ಯಾಸವಿದ್ದರೆ ಇವತ್ತೇ ತಿಳಿಸಿ." ಇದರಲ್ಲಿ ಅಳಿಸುವ ಬಟನ್ ಅವರ ಕೈಯಲ್ಲಿರುವುದಿಲ್ಲ.

ಇನ್ನು ನನ್ನ ಕಥೆಯ ಕೊನೆ. `.eml` ಫೈಲ್, ಸಮಯದ ಪಟ್ಟಿ, ಜೊತೆಗೆ ನಾಲ್ಕು ಸಾಲಿನ ಪತ್ರ ಕಳುಹಿಸಿದ ಒಂಬತ್ತನೇ ದಿನ ಉಳಿದ 6,840 ರೂಪಾಯಿ ಬಂತು. ಕ್ಷಮೆ ಬರಲಿಲ್ಲ, ಇರಲಿ. ಆದರೆ ಅಷ್ಟರಲ್ಲಿ ಎರಡನೇ ಕಂತಿನ 6,200 ಪದವನ್ನೂ ನಾನು ಮಾಡಿ ಕೊಟ್ಟಾಗಿತ್ತು. ಅದಕ್ಕೆ 1.20ರ ಲೆಕ್ಕವನ್ನೇ ಹಿಡಿದರು. ಮೇಲಿನಲ್ಲಿ "ಎರಡನೇ ಕಂತಿಗೂ…" ಅಂತ ಇದೆಯಲ್ಲ ಅಂದೆ.

"ಹೌದು ಮೇಡಂ, ಎರಡನೇ ಕಂತಿಗೂ ರೇಟ್ ಆಮೇಲೆ ಮಾತಾಡೋಣ ಅಂತ ಬರೆದಿದ್ದೆ" ಅಂದ ಆ ಹುಡುಗ.

ಫೋನ್ ಪರದೆ ಮೇಲೆ ಅವತ್ತು "ಇದೇ ರೇಟ್" ಅಂತ ಓದಿದ ನೆನಪು ನನಗೆ ಚೆನ್ನಾಗಿಯೇ ಇದೆ. ಮೇಲಿನಲ್ಲಿ ಇರುವುದು ಮೂರು ಚುಕ್ಕಿ. 3,720 ರೂಪಾಯಿ ಅದರ ಹಿಂದೆ ಹೋಯಿತು.